ದಾಳಿಂಬೆ ರಸ, ಬಿಪಿ ಮತ್ತು ಮಾತ್ರೆಗಳು: ಕರುಳು ಹೇಳುವ ಕಥೆ

ದಾಳಿಂಬೆ ರಸದ ಬಗ್ಗೆ ಎರಡು ಮಾತುಗಳು ಒಟ್ಟಿಗೇ ಓಡಾಡುತ್ತಿವೆ. ದಿನಕ್ಕೊಂದು ಲೋಟ ಕುಡಿದರೆ ಬಿಪಿ ಇಳಿಯುತ್ತದೆ, ರಕ್ತನಾಳಗಳು ಸ್ವಚ್ಛವಾಗುತ್ತವೆ ಎನ್ನುವುದು ಒಂದು. ಕೊಲೆಸ್ಟರಾಲ್ ಮಾತ್ರೆ ಅಥವಾ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅದನ್ನು ಮುಟ್ಟಲೇಬಾರದು ಎನ್ನುವುದು ಇನ್ನೊಂದು. ಒಂದೇ ಮನೆಯಲ್ಲಿ ಮಗ ಮೊದಲನೆಯದನ್ನು ನಂಬಿ ಹಣ್ಣು ತರುತ್ತಾನೆ, ಮಗಳು ಎರಡನೆಯದನ್ನು ಓದಿ ಲೋಟ ಕಿತ್ತಿಡುತ್ತಾಳೆ. ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯನ್ನು ಸಾಲಾಗಿಟ್ಟು ನೋಡಿದರೆ ಆ ಆಸೆಯೂ ಈ ಭಯವೂ ಒಂದೇ ಕಡೆ ಹುಟ್ಟಿ ಒಂದೇ ಕಡೆ ಸೊರಗಿರುವುದು ಕಾಣುತ್ತದೆ. ಹುಟ್ಟಿದ್ದು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ, ಸೊರಗಿದ್ದು ಮನುಷ್ಯನ ಕರುಳಿನಲ್ಲಿ.

ಮೊದಲು ಕೇಳಬೇಕಾದದ್ದು, ಸಂಶೋಧಕರು ಕುಡಿಸಿದ ರಸ ಯಾವುದು ಎಂದು. ದಾಳಿಂಬೆಯ ಹೆಸರಿನಲ್ಲಿ ಹೊಗಳಿಸಿಕೊಳ್ಳುವ ಮುಖ್ಯ ಪಾಲಿಫಿನಾಲ್ ಪ್ಯುನಿಕಾಲಜಿನ್. ಇದು ಟ್ಯಾನಿನ್ ಜಾತಿಯ ಬಹಳ ದೊಡ್ಡ ಅಣು. ನಾವು ಬಿಡಿಸಿ ತಿನ್ನುವ ಕೆಂಪು ಕಾಳಿನಲ್ಲಿ ಇದು ಅಷ್ಟಾಗಿ ಇಲ್ಲ. ಇದರ ಮನೆ ಸಿಪ್ಪೆ, ಮತ್ತು ಕಾಳುಗಳ ನಡುವೆ ಇರುವ ಹಳದಿ ಪೊರೆ. ಕಾಳಿಗೆ ಕೆಂಪು ಕೊಡುವ ಆಂಥೋಸಯನಿನ್‌ಗಳು ಬೇರೆಯೇ ಗುಂಪು. 2000ದಲ್ಲಿ ಸ್ಪೇನ್ ಮತ್ತು ಕ್ಯಾಲಿಫೋರ್ನಿಯಾದ ಸಂಶೋಧಕರು ಸೇರಿ ಕಾಳನ್ನು ಮಾತ್ರ ಹಿಂಡಿದ ರಸವನ್ನೂ ಇಡೀ ಹಣ್ಣನ್ನು ಯಂತ್ರದಲ್ಲಿ ಒತ್ತಿ ತೆಗೆದ ಕಾರ್ಖಾನೆಯ ರಸವನ್ನೂ ಹೋಲಿಸಿದರು. ನಳಿಕೆಯಲ್ಲಿ ಅಳೆದ ಉತ್ಕರ್ಷಣ ನಿರೋಧಕ ಶಕ್ತಿ ಕಾರ್ಖಾನೆಯ ರಸದಲ್ಲೇ ಹೆಚ್ಚಿತ್ತು. ಕೆಂಪು ವೈನ್, ಹಸಿರು ಚಹಾಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಇಂದಿಗೂ ಎಲ್ಲೆಡೆ ಉಲ್ಲೇಖವಾಗುವ ಮಾತು ಈ ಅಧ್ಯಯನದ್ದೇ. ಆ ಹೆಚ್ಚಳದ ಕಾರಣ ಸರಳ. ಒತ್ತುವಾಗ ಸಿಪ್ಪೆಯ ಟ್ಯಾನಿನ್ ರಸಕ್ಕೆ ಇಳಿದಿತ್ತು.

ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ತೋಟಗಳಿಂದ ಬರುವ ಭಗವಾ ಹಣ್ಣನ್ನು ಬಿಡಿಸಿ, ಕಾಳನ್ನು ಮಿಕ್ಸಿಗೆ ಹಾಕಿ, ಸಕ್ಕರೆ ಮತ್ತು ಐಸ್ ಬೆರೆಸಿ ನಮ್ಮ ಜ್ಯೂಸ್ ಅಂಗಡಿಯವರು ಕೊಡುವುದು ಆ ರಸವಲ್ಲ. ಭಗವಾ ಸಿಹಿ ತಳಿ. ಅಮೆರಿಕದಲ್ಲಿ ರಸ ತೆಗೆಯಲು ಬೆಳೆಯುವ ವಂಡರ್‌ಫುಲ್ ತಳಿ ಹುಳಿ ಮಿಶ್ರಿತ. ವ್ಯತ್ಯಾಸ ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ನಾಲಿಗೆ ಸಾಕು. ಒಗರು ಇದ್ದರೆ ಟ್ಯಾನಿನ್ ಇದೆ. ಬಾಯಿ ಒಣಗಿಸುವ ಒಗರೇ ಇಲ್ಲದೆ ಬರೀ ಸಿಹಿಯಾಗಿ ಇಳಿಯುವ ರಸದಲ್ಲಿ ಪ್ಯುನಿಕಾಲಜಿನ್ ಹುಡುಕುವುದು ವ್ಯರ್ಥ. ಆ ಲೆಕ್ಕದಲ್ಲಿ, ಮಲೆನಾಡಿನ ಅಡುಗೆಮನೆಯಲ್ಲಿ ಹೊಟ್ಟೆ ಕೆಟ್ಟಾಗ ಒಣಗಿದ ದಾಳಿಂಬೆ ಸಿಪ್ಪೆ ಹುರಿದು ಮಜ್ಜಿಗೆಯೊಡನೆ ಮಾಡುವ ತಂಬುಳಿಯೇ ಈ ಪಾಲಿಫಿನಾಲ್‌ಗೆ ಹೆಚ್ಚು ಹತ್ತಿರ.

ಇನ್ನು ಬಿಪಿಯ ವಿಷಯ. ಇದರ ಆರಂಭ ಇಸ್ರೇಲಿನ ಹೈಫಾ ನಗರದಲ್ಲಿ. ಅಲ್ಲಿನ ಟೆಕ್ನಿಯಾನ್ ಸಂಸ್ಥೆಯ ಮೈಕೆಲ್ ಅವಿರಾಮ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಪಿ ಇದ್ದ 10 ರೋಗಿಗಳು ಎರಡು ವಾರ ದಿನಕ್ಕೆ 50 ಮಿ.ಲೀ. ರಸ ಕುಡಿದರು. ಹತ್ತರಲ್ಲಿ ಏಳು ಜನರಲ್ಲಿ ಎಸಿಇ ಎಂಬ ಕಿಣ್ವದ ಚಟುವಟಿಕೆ 36 ಶೇಕಡಾ ಇಳಿಯಿತು, ಬಿಪಿಯ ಮೇಲಿನ ಅಂಕಿ 5 ಶೇಕಡಾ ಇಳಿಯಿತು. ಎಸಿಇ ಎಂದರೆ ರಕ್ತನಾಳಗಳನ್ನು ಬಿಗಿಗೊಳಿಸುವ ಆಂಜಿಯೊಟೆನ್ಸಿನ್ ತಯಾರಿಸುವ ಕಿಣ್ವ. ರಾಮಿಪ್ರಿಲ್, ಎನಲಾಪ್ರಿಲ್ ಮಾತ್ರೆಗಳು ಕಟ್ಟಿಹಾಕುವುದು ಇದನ್ನೇ. ಹಣ್ಣಿನ ರಸವೊಂದು ಮಾತ್ರೆಯ ಕೆಲಸವನ್ನೇ ಮಾಡುತ್ತಿದೆ ಎಂದಮೇಲೆ ಕುತೂಹಲ ಸಹಜವಾಗಿಯೇ ಹೆಚ್ಚಿತು. 2004ರಲ್ಲಿ ಅದೇ ತಂಡ ಕುತ್ತಿಗೆಯ ರಕ್ತನಾಳ ಕಿರಿದಾಗಿದ್ದ ಕೆಲವೇ ರೋಗಿಗಳಿಗೆ ಒಂದು ವರ್ಷ ರಸ ಕುಡಿಸಿ, ನಾಳದ ಗೋಡೆಯ ದಪ್ಪ 30 ಶೇಕಡಾದವರೆಗೆ ಕಡಿಮೆಯಾಯಿತು ಎಂದು ವರದಿ ಮಾಡಿತು.

ಸಣ್ಣ ಅಧ್ಯಯನದ ದೊಡ್ಡ ಫಲ ಯಾವಾಗಲೂ ದೊಡ್ಡ ಅಧ್ಯಯನಕ್ಕಾಗಿ ಕಾಯಬೇಕು. ಅದು 2009ರಲ್ಲಿ ಬಂತು. ಅಮೆರಿಕದಲ್ಲಿ 289 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 240 ಮಿ.ಲೀ. ದಾಳಿಂಬೆ ರಸ, ಇನ್ನೊಂದಕ್ಕೆ ಅದರಂತೆ ತೋರುವ ಪಾನೀಯ ಕೊಟ್ಟು 18 ತಿಂಗಳು ನೋಡಿದರು. ಕುತ್ತಿಗೆಯ ನಾಳದ ದಪ್ಪದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನಾಳ ಸ್ವಚ್ಛವಾಗುತ್ತದೆ ಎಂಬ ಮಾತು ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಈ ಸಂಶೋಧನೆಗಳಲ್ಲಿ ಬಹುಪಾಲಿಗೆ ಹಣ ಕೊಟ್ಟ ಪಾಮ್ ವಂಡರ್‌ಫುಲ್ ಕಂಪನಿ ತನ್ನ ಜಾಹೀರಾತುಗಳಲ್ಲಿ ಹಳೆಯ ಸಣ್ಣ ಅಧ್ಯಯನಗಳನ್ನೇ ಮುಂದಿಟ್ಟಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಅದರ ಮೇಲೆ ದೂರು ಹೂಡಿತು. ಹೃದ್ರೋಗ ಮೊದಲಾದವನ್ನು ತಡೆಯುತ್ತದೆ, ವಾಸಿ ಮಾಡುತ್ತದೆ ಎಂಬ ಜಾಹೀರಾತುಗಳು ದಾರಿ ತಪ್ಪಿಸುವಂಥವು ಎಂಬ ಆಯೋಗದ ತೀರ್ಮಾನವನ್ನು ಮೇಲ್ಮನವಿ ನ್ಯಾಯಾಲಯವೂ 2015ರಲ್ಲಿ ಬಹುಮಟ್ಟಿಗೆ ಎತ್ತಿಹಿಡಿಯಿತು. ಇಂಥ ಮಾತು ಆಡಬೇಕಾದರೆ ಸರಿಯಾದ ನಿಯಂತ್ರಿತ ಅಧ್ಯಯನ ಒಂದಾದರೂ ಬೇಕು ಎಂಬ ಷರತ್ತು ಉಳಿಯಿತು.

ಹಾಗಂತ ಬಿಪಿಯ ಮಾತು ಪೂರ್ತಿ ಸುಳ್ಳಲ್ಲ. 2017ರಲ್ಲಿ ಎಂಟು ನಿಯಂತ್ರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ವಿಶ್ಲೇಷಣೆಯಲ್ಲಿ ಮೇಲಿನ ಅಂಕಿ ಸರಾಸರಿ 5 ಮಿ.ಮೀ., ಕೆಳಗಿನದು 2 ಮಿ.ಮೀ. ಇಳಿದಿತ್ತು. ಸಾಮಾನ್ಯ ಪ್ರಮಾಣದ ಒಂದು ಬಿಪಿ ಮಾತ್ರೆ ಮೇಲಿನ ಅಂಕಿಯನ್ನು ಸುಮಾರು 9 ಮಿ.ಮೀ. ಇಳಿಸುತ್ತದೆ. ಅಂದರೆ ಇದು ಅರ್ಧ ಮಾತ್ರೆಗೆ ಸಮೀಪದ ಸಂಖ್ಯೆ. ಆದರೆ ಅದೇ ವಿಶ್ಲೇಷಣೆಯ ಒಳಗಿನ ಒಂದು ಅಂಶವನ್ನು ನಾನು ಹೆಚ್ಚು ಮುಖ್ಯವೆಂದು ಭಾವಿಸುತ್ತೇನೆ. ದಿನಕ್ಕೆ 240 ಮಿ.ಲೀ.ಗಿಂತ ಕಡಿಮೆ ಕುಡಿದವರಲ್ಲಿ ಇಳಿಕೆ 11 ಮಿ.ಮೀ., ಹೆಚ್ಚು ಕುಡಿದವರಲ್ಲಿ 4 ಮಿ.ಮೀ.ಗೂ ಕಡಿಮೆ. ಔಷಧಗುಣ ನಿಜವಾಗಿದ್ದರೆ ಪ್ರಮಾಣ ಹೆಚ್ಚಿದಂತೆ ಪರಿಣಾಮ ಹೆಚ್ಚಬೇಕು, ಇಲ್ಲವೇ ಒಂದು ಹಂತದಲ್ಲಿ ನಿಲ್ಲಬೇಕು. ಇಲ್ಲಿ ಅದು ತಲೆಕೆಳಗಾಗಿದೆ. ಇದಕ್ಕೆ ಹತ್ತಿರದ ವಿವರಣೆ ಎಂದರೆ, ಕಡಿಮೆ ಪ್ರಮಾಣ ಕೊಟ್ಟವು ಚಿಕ್ಕ, ಸಡಿಲ ಅಧ್ಯಯನಗಳು, ಚಿಕ್ಕ ಅಧ್ಯಯನಗಳಲ್ಲಿ ಸಂಖ್ಯೆಗಳು ಉಬ್ಬುತ್ತವೆ. ಜೊತೆಗೆ, ಕಡುಗೆಂಪು ಬಣ್ಣದ ಒಗರು ರಸವನ್ನು ಕುಡಿಯುವವನಿಗೆ ತಾನು ಏನು ಕುಡಿಯುತ್ತಿದ್ದೇನೆ ಎಂಬುದು ಗೊತ್ತಾಗದಂತೆ ಮರೆಮಾಚುವುದು ಸುಲಭವಲ್ಲ. ಗೊತ್ತಾದರೆ ಬಿಪಿ ತಾನಾಗಿಯೇ ಕೊಂಚ ಇಳಿಯಬಹುದು.

ಈ 5 ಮಿ.ಮೀ.ಗೆ ತೆರಬೇಕಾದ ಬೆಲೆಯೂ ಇದೆ. ಸಕ್ಕರೆ ಬೆರೆಸದ 240 ಮಿ.ಲೀ. ಬಾಟಲಿ ರಸದಲ್ಲಿ ಹಣ್ಣಿನದೇ ಸಕ್ಕರೆ ಸುಮಾರು 31 ಗ್ರಾಂ, ಅಂದರೆ ಆರು ಚಮಚಕ್ಕೂ ಮಿಗಿಲು. ಪೊಟ್ಯಾಸಿಯಂ 500 ಮಿ.ಗ್ರಾಂ.ಗಿಂತ ಹೆಚ್ಚು. ಆರೋಗ್ಯವಂತರಿಗೆ ಪೊಟ್ಯಾಸಿಯಂ ಒಳ್ಳೆಯದೇ, ಬಿಪಿ ಇಳಿಯಲು ಅದರ ಪಾಲೂ ಇರಬಹುದು. ಆದರೆ ಮೂತ್ರಪಿಂಡ ದುರ್ಬಲವಾಗಿರುವವರು, ಅದರಲ್ಲೂ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯಲ್ಲಿರುವವರು ದಿನವೂ ಲೋಟಗಟ್ಟಲೆ ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಭಯ ಎಲ್ಲರ ಬಾಯಲ್ಲಿದೆ, ಪೊಟ್ಯಾಸಿಯಂ ಮಾತು ಯಾರ ಬಾಯಲ್ಲೂ ಇಲ್ಲ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ.

ಸ್ಟಾಟಿನ್ ಭಯ ಎಲ್ಲಿಂದ ಬಂತು? ಅದರ ಮೂಲ ದಾಳಿಂಬೆಯಲ್ಲ, ಗ್ರೇಪ್‌ಫ್ರೂಟ್. ಕೆನಡಾದ ಡೇವಿಡ್ ಬೈಲಿ ಎಂಬ ಸಂಶೋಧಕರು ಫೆಲೊಡಿಪಿನ್ ಎಂಬ ಬಿಪಿ ಮಾತ್ರೆಯ ಜೊತೆ ಮದ್ಯ ಏನು ಮಾಡುತ್ತದೆ ಎಂದು ನೋಡುತ್ತಿದ್ದಾಗ, ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬಳಸಿದ್ದರು. ರಕ್ತದಲ್ಲಿ ಮಾತ್ರೆಯ ಮಟ್ಟ ಅನಿರೀಕ್ಷಿತವಾಗಿ ಏರಿತು. ಅದಕ್ಕೆ ಕಾರಣ ಮದ್ಯವಲ್ಲ, ಹಣ್ಣು ಎಂದು 1991ರ ಹೊತ್ತಿಗೆ ಸ್ಪಷ್ಟವಾಯಿತು. ನಮ್ಮ ಸಣ್ಣಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವ ಇದೆ. ನುಂಗಿದ ಎಷ್ಟೋ ಔಷಧಗಳನ್ನು ಅವು ರಕ್ತಕ್ಕೆ ಸೇರುವ ಮೊದಲೇ ಒಡೆದು ಕಡಿಮೆ ಮಾಡುವ ಕಾವಲುಗಾರ ಅದು. ಗ್ರೇಪ್‌ಫ್ರೂಟಿನ ಫ್ಯುರಾನೊಕೂಮರಿನ್‌ಗಳು ಈ ಕಿಣ್ವವನ್ನು ಕೊಂದೇ ಬಿಡುತ್ತವೆ. ಹೊಸ ಕಿಣ್ವ ತಯಾರಾಗುವವರೆಗೆ, ಅಂದರೆ ಒಂದರಿಂದ ಮೂರು ದಿನ, ನುಂಗಿದ ಮಾತ್ರೆ ಅಡೆತಡೆಯಿಲ್ಲದೆ ಒಳಹೋಗುತ್ತದೆ. ಸಿಮ್ವಾಸ್ಟಾಟಿನ್‌ಗೆ ಇದು ಅಪಾಯಕಾರಿ. ಇಲ್ಲಿ ಒಂದು ಮಾತು ಸೇರಿಸಲೇಬೇಕು. ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪ, ಆದರೆ ಅದರ ಹತ್ತಿರದ ಬಂಧು ಚಕ್ಕೋತ ದೇವನಹಳ್ಳಿಯಲ್ಲೇ ಬೆಳೆಯುತ್ತದೆ, ಅದರಲ್ಲಿಯೂ ಫ್ಯುರಾನೊಕೂಮರಿನ್‌ಗಳಿವೆ. ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಅಥವಾ ಅಂಗಾಂಗ ಕಸಿಯ ನಂತರದ ಮಾತ್ರೆಗಳನ್ನು ತೆಗೆದುಕೊಳ್ಳುವವರು ಕೇಳಿ ತಿಳಿಯಬೇಕಾದ ಹಣ್ಣು ನಮ್ಮ ನಾಡಿನಲ್ಲಿ ಚಕ್ಕೋತವೇ.

2005ರಲ್ಲಿ ಜಪಾನಿನ ಸಂಶೋಧಕರು ಮನುಷ್ಯನ ಯಕೃತ್ತಿನಿಂದ ತೆಗೆದ ಕಿಣ್ವವನ್ನು ನಳಿಕೆಯಲ್ಲಿಟ್ಟು ದಾಳಿಂಬೆ ರಸ ಸೇರಿಸಿದರು. ಕಿಣ್ವದ ಕೆಲಸ ಬಹುತೇಕ ನಿಂತುಹೋಯಿತು, ಗ್ರೇಪ್‌ಫ್ರೂಟಿನಷ್ಟೇ ಪ್ರಬಲವಾಗಿ. ಇಲಿಗಳಿಗೆ ರಸ ಕುಡಿಸಿ ಕಾರ್ಬಮಜಪಿನ್ ಕೊಟ್ಟಾಗ ಔಷಧದ ಒಟ್ಟು ಪ್ರಮಾಣ ರಕ್ತದಲ್ಲಿ ಒಂದೂವರೆ ಪಟ್ಟು ಆಯಿತು. ಮುಂದಿನ ವರ್ಷವೇ ಮನುಷ್ಯನ ಪ್ರಕರಣವೊಂದು ವರದಿಯಾಯಿತು. ಇಂದು ಹರಿದಾಡುವ ಎಚ್ಚರಿಕೆಗಳು ಮತ್ತೆ ಮತ್ತೆ ಹಿಂತಿರುಗುವುದು ಈ ಪ್ರಕರಣಕ್ಕೇ ಆದ್ದರಿಂದ ಅದನ್ನು ವಿವರವಾಗಿ ನೋಡಬೇಕು.

48 ವರ್ಷದ ಒಬ್ಬ ವ್ಯಕ್ತಿ. ಕೊಲೆಸ್ಟರಾಲಿಗೆಂದು ದಿನಕ್ಕೆ 10 ಮಿ.ಗ್ರಾಂ. ಎಜೆಟಿಮೈಬ್, ದಿನ ಬಿಟ್ಟು ದಿನ 5 ಮಿ.ಗ್ರಾಂ. ರೋಸುವಾಸ್ಟಾಟಿನ್ ತೆಗೆದುಕೊಳ್ಳುತ್ತ 17 ತಿಂಗಳಾಗಿತ್ತು. ಮೂರು ವಾರಗಳ ಹಿಂದೆ ವಾರಕ್ಕೆ ಎರಡು ಬಾರಿ 200 ಮಿ.ಲೀ. ದಾಳಿಂಬೆ ರಸ ಕುಡಿಯಲು ಶುರುಮಾಡಿದ್ದರು. ತೊಡೆ ನೋವೆಂದು ಆಸ್ಪತ್ರೆಗೆ ಬಂದಾಗ ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್ 1,38,030 ಇತ್ತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಕೆಲವು ನೂರರ ಒಳಗೇ ಇರುತ್ತದೆ. ಸ್ನಾಯು ಕರಗುವ ಈ ಸ್ಥಿತಿಯೇ ರ‍್ಯಾಬ್ಡೊಮಯೊಲಿಸಿಸ್. ಕರಗಿದ ಸ್ನಾಯು ಮೂತ್ರಪಿಂಡವನ್ನೇ ಕಟ್ಟಬಹುದಾದ್ದರಿಂದ ಇದು ಜೀವಕ್ಕೆ ಎರವಾಗುವ ಸಂಗತಿ.

ಆದರೆ ಎರಡು ಸಂಗತಿಗಳು ಈ ಕಥೆಯನ್ನು ಸಡಿಲಗೊಳಿಸುತ್ತವೆ. ಸ್ಟಾಟಿನ್ ಶುರುಮಾಡುವ ಮೊದಲೇ ಆ ವ್ಯಕ್ತಿಯ ಕ್ರಿಯಾಟಿನ್ ಕೈನೇಸ್ ಹೆಚ್ಚಿತ್ತು, ಅಂದರೆ ಸ್ನಾಯುವಿನ ಕಾಯಿಲೆಯೊಂದು ಒಳಗೇ ಇದ್ದಿರಬಹುದು. ಎರಡನೆಯದು ಇನ್ನೂ ಮುಖ್ಯ. ರೋಸುವಾಸ್ಟಾಟಿನ್ ಅನ್ನು ಸಿವೈಪಿ3ಎ4 ಕಿಣ್ವ ಒಡೆಯುವುದೇ ಇಲ್ಲ ಎನ್ನಬಹುದು. ಬಹುಪಾಲು ಬದಲಾಗದೆ ಹಾಗೆಯೇ ದೇಹದಿಂದ ಹೊರಹೋಗುತ್ತದೆ. ಕಿಣ್ವ ಕಟ್ಟಿಹಾಕಿದ್ದರಿಂದ ಹೀಗಾಯಿತು ಎನ್ನಲು ಆ ಕಿಣ್ವಕ್ಕೆ ಸಂಬಂಧವೇ ಇಲ್ಲದ ಮಾತ್ರೆ ಸಾಕ್ಷಿಯಾಗಲಾರದು. ವರದಿ ಮಾಡಿದ ವೈದ್ಯರು ಅನುಮಾನ ದಾಖಲಿಸಿದ್ದು ಸರಿ. ಅನುಮಾನವನ್ನು ತೀರ್ಪು ಮಾಡಿದವರು ನಂತರ ಅದನ್ನು ನಕಲು ಮಾಡಿದವರು.

ತೀರ್ಪು ಕೊಡಬಲ್ಲ ಅಧ್ಯಯನಗಳು ಆಮೇಲೆ ಬಂದವು. 2007ರಲ್ಲಿ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಗ್ರೀನ್‌ಬ್ಲಾಟ್ ತಂಡ, ಸಿವೈಪಿ3ಎ ಕಿಣ್ವವನ್ನು ಅಳೆಯಲು ಮಾನದಂಡವಾಗಿ ಬಳಸುವ ಮಿಡಜೋಲಾಮ್ ಔಷಧವನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ನೋಡಿತು. ಗ್ರೇಪ್‌ಫ್ರೂಟ್ ರಸ ಔಷಧದ ಮಟ್ಟ ಏರಿಸಿತು, ದಾಳಿಂಬೆ ರಸ ಏರಿಸಲಿಲ್ಲ. ಜಪಾನಿನಲ್ಲಿ ಎರಡು ವಾರ ರಸ ಕುಡಿಸಿ ನೋಡಿದಾಗಲೂ ಇದೇ ಫಲ. ಕೊನೆಗೆ ಸ್ಟಾಟಿನ್ ಮೇಲೆಯೇ ಪ್ರಯೋಗವಾಯಿತು. ಕೊರಿಯಾದಲ್ಲಿ 12 ಆರೋಗ್ಯವಂತ ಪುರುಷರು ಮೂರು ದಿನ ದಿನಕ್ಕೆ 900 ಮಿ.ಲೀ.ನಂತೆ ರಸ ಕುಡಿದು 40 ಮಿ.ಗ್ರಾಂ. ಸಿಮ್ವಾಸ್ಟಾಟಿನ್ ನುಂಗಿದರು. ಗ್ರೇಪ್‌ಫ್ರೂಟ್ ಕುಡಿದಾಗ ಸಿಮ್ವಾಸ್ಟಾಟಿನ್ ಹತ್ತು ಪಟ್ಟಿಗೂ ಮೀರಿ ಏರಿತು. ದಾಳಿಂಬೆ ಕುಡಿದಾಗ ನೀರು ಕುಡಿದಾಗಿನಷ್ಟೇ ಇತ್ತು. ಸಿವೈಪಿ3ಎ4 ಮೇಲೆ ಅತಿ ಹೆಚ್ಚು ಅವಲಂಬಿಸಿದ ಸ್ಟಾಟಿನ್‌ಗಳಲ್ಲಿ ಇದೂ ಒಂದು. ಇದಕ್ಕೇ ಏನೂ ಆಗದಿದ್ದಮೇಲೆ, ಈ ಕಿಣ್ವದ ದಾರಿಯಿಂದ ಅಟೋರ್ವಾಸ್ಟಾಟಿನ್‌ಗೆ ದೊಡ್ಡ ಅಪಾಯವಾಗುವುದು ಕಷ್ಟ.

ನಳಿಕೆಯಲ್ಲಿ ಅಷ್ಟು ಪ್ರಬಲವಾದದ್ದು ಮನುಷ್ಯನಲ್ಲಿ ಏಕೆ ಕೈಕೊಟ್ಟಿತು? ಉತ್ತರ 2004ರಲ್ಲೇ ಸ್ಪೇನಿನ ಮುರ್ಸಿಯಾದಲ್ಲಿ ಸಿಕ್ಕಿತ್ತು. ಅಲ್ಲಿ ಆರೋಗ್ಯವಂತರಿಗೆ ಐದು ದಿನ ದಿನಕ್ಕೊಂದು ಲೀಟರ್ ದಾಳಿಂಬೆ ರಸ ಕುಡಿಸಿ ರಕ್ತ ಪರೀಕ್ಷಿಸಿದರು. ಪ್ಯುನಿಕಾಲಜಿನ್ ರಕ್ತದಲ್ಲಿ ಕಾಣಲೇ ಇಲ್ಲ. ಅಷ್ಟು ದೊಡ್ಡ ಅಣು ಕರುಳಿನ ಗೋಡೆ ದಾಟುವುದಿಲ್ಲ. ಅದು ಒಡೆದು ಎಲಾಜಿಕ್ ಆಮ್ಲವಾಗುತ್ತದೆ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಯುರೋಲಿಥಿನ್ ಎಂಬ ಸಣ್ಣ ಅಣುಗಳಾಗಿ ಮಾರ್ಪಡಿಸುತ್ತವೆ. ರಕ್ತಕ್ಕೆ ಸೇರುವುದು ಮುಖ್ಯವಾಗಿ ಇವೇ, ಅದೂ ಗಂಟೆಗಟ್ಟಲೆ ತಡವಾಗಿ, ರೂಪ ಬದಲಿಸಿಕೊಂಡು. ಯಾವ ಬ್ಯಾಕ್ಟೀರಿಯಾ ಇದೆ ಎಂಬುದರ ಮೇಲೆ ಒಬ್ಬರಲ್ಲಿ ಯುರೋಲಿಥಿನ್ ಎ, ಇನ್ನೊಬ್ಬರಲ್ಲಿ ಬಿ, ಕೆಲವರಲ್ಲಿ ಯಾವುದೂ ಇಲ್ಲ. ಯಕೃತ್ತಿನ ಕಿಣ್ವವನ್ನಾಗಲಿ ರಕ್ತನಾಳದ ಎಸಿಇಯನ್ನಾಗಲಿ ಪ್ಯುನಿಕಾಲಜಿನ್ ನೇರವಾಗಿ ಮುಟ್ಟುವ ಅವಕಾಶವೇ ಕಡಿಮೆ. ಬಿಪಿಯ ಲಾಭ ಸಣ್ಣದಾಗಿಯೂ ಮನುಷ್ಯರಿಂದ ಮನುಷ್ಯರಿಗೆ ಬೇರೆಯಾಗಿಯೂ ಇರುವುದಕ್ಕೆ, ಸ್ಟಾಟಿನ್ ಅಪಾಯ ಕಾಣಿಸದೇ ಹೋಗಿದ್ದಕ್ಕೆ, ಎರಡಕ್ಕೂ ಇದೇ ಕಾರಣ ಎಂದು ನಾನು ಓದುತ್ತೇನೆ. ಒಂದನ್ನು ನಂಬಿ ಇನ್ನೊಂದನ್ನು ತಳ್ಳಿಹಾಕುವವರು ಒಂದೇ ಪುರಾವೆಯನ್ನು ಎರಡು ರೀತಿ ಓದುತ್ತಿದ್ದಾರೆ.

ರಕ್ತ ತೆಳು ಮಾಡುವ ಮಾತ್ರೆಯ ವಿಷಯದಲ್ಲಿ ಮಾತ್ರ ಇಷ್ಟು ನಿರಾಳವಾಗಿರಲು ಆಗುವುದಿಲ್ಲ. ಕೃತಕ ಕವಾಟ ಹಾಕಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು ತೆಗೆದುಕೊಳ್ಳುವ ವಾರ್ಫರಿನ್, ನಮ್ಮಲ್ಲಿ ಅಸಿಟ್ರೋಮ್ ಹೆಸರಿನಲ್ಲಿ ಹೆಚ್ಚು ಪರಿಚಿತವಾದ ಅಸಿನೊಕೂಮರಾಲ್, ಇವನ್ನು ಒಡೆಯುವುದು ಮುಖ್ಯವಾಗಿ ಸಿವೈಪಿ2ಸಿ9 ಎಂಬ ಬೇರೆ ಕಿಣ್ವ. ದಾಳಿಂಬೆ ನಳಿಕೆಯಲ್ಲಿ ಇದನ್ನೂ ತಡೆಯುತ್ತದೆ. ಮನುಷ್ಯರಲ್ಲಿ ತಡೆಯುತ್ತದೆಯೇ ಎಂದು ಟಫ್ಟ್ಸ್ ತಂಡವೇ 2012ರಲ್ಲಿ ಫ್ಲರ್ಬಿಪ್ರೊಫೆನ್ ಎಂಬ ಔಷಧ ಬಳಸಿ ನೋಡಿತು. ಫ್ಲುಕೊನಜೋಲ್ ತಡೆಯಿತು, ದಾಳಿಂಬೆ ರಸವೂ ಅದರ ಸಾರವೂ ತಡೆಯಲಿಲ್ಲ. ಇಷ್ಟಾದರೂ ವೈದ್ಯರ ವರದಿಗಳು ಉಳಿದಿವೆ. 2009ರಲ್ಲಿ ಪ್ರಕಟವಾದದ್ದರಲ್ಲಿ 64 ವರ್ಷದ ಮಹಿಳೆಯೊಬ್ಬರು ವಾರಕ್ಕೆ ಎರಡು ಮೂರು ಬಾರಿ ದಾಳಿಂಬೆ ರಸ ಕುಡಿಯುತ್ತಿದ್ದಷ್ಟು ಕಾಲ ವಾರ್ಫರಿನ್ ಪ್ರಮಾಣ ಹದವಾಗಿ ನಿಂತಿತ್ತು. ರಸ ಬಿಟ್ಟಮೇಲೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಬೇಕಾದ ಮಟ್ಟಕ್ಕಿಂತ ಕೆಳಗಿಳಿಯಿತು, ಮಾತ್ರೆ ಹೆಚ್ಚಿಸಬೇಕಾಯಿತು. ಗಮನಿಸಬೇಕಾದದ್ದು, ಇಲ್ಲಿ ತೊಂದರೆ ಕಾಣಿಸಿದ್ದು ಕುಡಿಯುವಾಗಲ್ಲ, ಬಿಟ್ಟಾಗ.

ವಾರ್ಫರಿನ್ ವಿಷಯದಲ್ಲಿ ಎಚ್ಚರ ಬೇಕಾಗಿರುವುದು ದಾಳಿಂಬೆ ಅಷ್ಟು ಬಲವಾದದ್ದು ಎಂದಲ್ಲ, ವಾರ್ಫರಿನ್‌ನ ದಾರಿ ಅಷ್ಟು ಕಿರಿದು ಎಂದು. ಐಎನ್‌ಆರ್ ಹಲವರಿಗೆ 2ರಿಂದ 3ರ ನಡುವೆ ಇರಬೇಕು, ಕೆಲವು ಕವಾಟಗಳಿಗೆ ಇನ್ನೂ ಸ್ವಲ್ಪ ಮೇಲೆ. ಕೆಳಗಿಳಿದರೆ ಹೆಪ್ಪು, ಬಹಳ ಏರಿದರೆ ರಕ್ತಸ್ರಾವ. ಸ್ಟಾಟಿನ್ ಕೊಂಚ ಏರಿಳಿದರೆ ದೇಹ ತಾಳಿಕೊಳ್ಳುತ್ತದೆ, ಇಲ್ಲಿ ಆ ಅವಕಾಶವಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ದಾಳಿಂಬೆ ನಮಗೆ ಕಾಯಿಲೆಯವರ ಹಣ್ಣು. ಜ್ವರ ಬಂದವರಿಗೆ, ಆಪರೇಷನ್ ಆದವರಿಗೆ ನೋಡಲು ಹೋಗುವವರು ಅದನ್ನೇ ಒಯ್ಯುತ್ತಾರೆ. ಕವಾಟ ಬದಲಿಸಿಕೊಂಡ ಹೆಂಗಸಿಗೆ ಜ್ವರ, ಭೇದಿ ಬಂತೆನ್ನಿ. ಊಟ ಸೇರದು, ಸೊಪ್ಪು ಬಿಟ್ಟುಹೋಗುತ್ತದೆ, ಅದರೊಂದಿಗೆ ವಿಟಮಿನ್ ಕೆ ಕೂಡ. ವೈದ್ಯರು ಮೆಟ್ರೊನಿಡಜೋಲ್ ಕೊಡುತ್ತಾರೆ. ಸೊಸೆ ಹೊತ್ತುಹೊತ್ತಿಗೆ ದಾಳಿಂಬೆ ರಸ ಮಾಡಿ ಕುಡಿಸುತ್ತಾಳೆ. ವಾರ ಕಳೆದು ಐಎನ್‌ಆರ್ 5 ಬಂದರೆ ಎಲ್ಲರ ಕಣ್ಣು ರಸದ ಲೋಟದ ಮೇಲೆ. ಆದರೆ ಮೆಟ್ರೊನಿಡಜೋಲ್ ವಾರ್ಫರಿನ್‌ನ ಪರಿಣಾಮ ಏರಿಸುವುದು ಚೆನ್ನಾಗಿ ಸಾಬೀತಾದ ಸಂಗತಿ, ಉಪವಾಸವೂ ಭೇದಿಯೂ ಏರಿಸುತ್ತವೆ. ರಸವನ್ನು ಆರೋಪಿ ಮಾಡಿ ನಿಲ್ಲಿಸಿದರೆ ಮುಂದಿನ ಸಲ ಅದೇ ಮಾತ್ರೆ ಮತ್ತೆ ಬರುತ್ತದೆ. ಪ್ರಕರಣ ವರದಿಗಳನ್ನು ಓದುವಾಗಲೂ ನಾನು ಮೊದಲು ಹುಡುಕುವುದು, ಆ ದಿನಗಳಲ್ಲಿ ಇನ್ನೇನು ಬದಲಾಗಿತ್ತು ಎಂಬುದನ್ನೇ.

ಹಾಗಾಗಿ ವಾರ್ಫರಿನ್ ಅಥವಾ ಅಸಿಟ್ರೋಮ್‌ನಲ್ಲಿರುವವರು ದಾಳಿಂಬೆ ಕಾಳು ತಿನ್ನಲು ಹೆದರಬೇಕಿಲ್ಲ. ರಸ ಕುಡಿಯುವ ಅಭ್ಯಾಸವಿದ್ದರೆ ಒಂದೇ ಅಳತೆಯಲ್ಲಿ, ಒಂದೇ ಕ್ರಮದಲ್ಲಿ ಇರಲಿ. ಶುರುಮಾಡುವಾಗಲೂ ಬಿಡುವಾಗಲೂ ವೈದ್ಯರಿಗೆ ಹೇಳಿ, ಒಂದು ವಾರದ ಹೊತ್ತಿಗೆ ಐಎನ್‌ಆರ್ ನೋಡಿಸಿ. ಹಲ್ಲುಜ್ಜುವಾಗ ನಿಲ್ಲದ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಟಾರಿನಂಥ ಕಪ್ಪು ಮಲ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸ್ಟಾಟಿನ್ ತೆಗೆದುಕೊಳ್ಳುವವರಿಗೆ ಕಾರಣವಿಲ್ಲದ ತೊಡೆ ಅಥವಾ ಭುಜದ ನೋವು, ಸುಸ್ತು, ಕಾಫಿ ಬಣ್ಣದ ಮೂತ್ರ ಕಾಣಿಸಿದರೆ ರಸ ಕುಡಿದಿರಲಿ ಬಿಟ್ಟಿರಲಿ ಅಂದೇ ವೈದ್ಯರನ್ನು ಕಂಡು ಕ್ರಿಯಾಟಿನ್ ಕೈನೇಸ್ ಪರೀಕ್ಷೆ ಮಾಡಿಸಬೇಕು.

ಔಷಧಿ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ದಾಳಿಂಬೆ ಸಾರದ ಕ್ಯಾಪ್ಸೂಲ್ ಮತ್ತು ಸಿಪ್ಪೆ ಪುಡಿಗೆ ಈ ನಿರಾಳತೆಯನ್ನು ನಾನು ಹಾಗೆಯೇ ವಿಸ್ತರಿಸಲಾರೆ. ಇಲ್ಲಿ ಹೇಳಿದ ಅಧ್ಯಯನಗಳು ಬಹುತೇಕ ರಸದ ಮೇಲೆ, ಆರೋಗ್ಯವಂತ ಯುವಕರ ಮೇಲೆ, ಕೆಲವೇ ದಿನಗಳ ಮಟ್ಟಿಗೆ ನಡೆದವು. ಸಿಪ್ಪೆಯ ಟ್ಯಾನಿನ್‌ಗಳನ್ನು ಗಟ್ಟಿಮಾಡಿ ತುಂಬಿದ ಕ್ಯಾಪ್ಸೂಲನ್ನು ಎಪ್ಪತ್ತು ವರ್ಷದ, ಐದಾರು ಮಾತ್ರೆ ನುಂಗುವ ಹಿರಿಯರು ತಿಂಗಳುಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಆ ಅಧ್ಯಯನಗಳು ಕೇಳಿಯೇ ಇಲ್ಲ.